ಎಸಿಇ ಇನ್ಹಿಬಿಟರ್ ಕೊಟ್ಟ ಮೇಲೆ ಕ್ರಿಯಾಟಿನಿನ್ ಏರಿದೆ: ಮುಂದುವರಿಸೋದಾ, ನಿಲ್ಲಿಸೋದಾ?

ವಾರ್ಡಿನಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ರಾಮಿಪ್ರಿಲ್ ಶುರು ಮಾಡಿ ಎರಡು ವಾರಕ್ಕೆ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ಯಾರೋ ಗಾಬರಿಯಿಂದ ಮಾತ್ರೆ ನಿಲ್ಲಿಸಿ, ಚೀಟಿಯ ಮೇಲೆ ‘ಎಸಿಇ ಇನ್ಹಿಬಿಟರ್ ಆಗುವುದಿಲ್ಲ’ ಎಂದು ಬರೆದುಬಿಡುತ್ತಾರೆ. ಆ ಸಾಲು ವರ್ಷಗಟ್ಟಲೆ ರೋಗಿಯ ಜೊತೆಯಲ್ಲೇ ಉಳಿಯುತ್ತದೆ. ಕಿಡ್ನಿಯನ್ನು ಕಾಪಾಡಬೇಕಿದ್ದ ಔಷಧ ಮತ್ತೆ ಅವರಿಗೆ ಸಿಗುವುದೇ ಇಲ್ಲ.

ಈ ಏರಿಕೆ ಯಾಕೆ ಆಗುತ್ತದೆ ಅನ್ನುವುದು ಅರ್ಥವಾದರೆ ಉಳಿದದ್ದು ಸುಲಭ.

ಗ್ಲೋಮೆರುಲಸ್‌ಗೆ ರಕ್ತ ಬರುವ ನಾಳ ಒಂದು, ಅಫರೆಂಟ್. ಹೊರಹೋಗುವ ನಾಳ ಇನ್ನೊಂದು, ಎಫರೆಂಟ್. ತೋಟದಲ್ಲಿ ಸಣ್ಣ ಸಣ್ಣ ತೂತುಗಳಿರುವ ಪೈಪನ್ನು ನೆನೆಸಿಕೊಳ್ಳಿ. ಪೈಪಿನ ಕೊನೆಯನ್ನು ಸ್ವಲ್ಪ ಹಿಸುಕಿದರೆ ಒಳಗೆ ಒತ್ತಡ ಏರಿ ತೂತುಗಳಿಂದ ನೀರು ಜಾಸ್ತಿ ಚಿಮ್ಮುತ್ತದೆ. ಹಾಗೆ ಕೊನೆಯನ್ನು ಹಿಸುಕುವ ಕೈ ಆಂಜಿಯೋಟೆನ್ಸಿನ್ 2. ಅದು ಎರಡೂ ನಾಳಗಳನ್ನು ಬಿಗಿ ಮಾಡುತ್ತದೆ, ಆದರೆ ಎಫರೆಂಟ್ ಮೇಲೆ ಅದರ ಹಿಡಿತ ಹೆಚ್ಚು. ಎಸಿಇ ಇನ್ಹಿಬಿಟರ್ ಕೊಟ್ಟಾಗ ಆ ಕೈ ಸಡಿಲವಾಗುತ್ತದೆ. ಗ್ಲೋಮೆರುಲಸ್ ಒಳಗಿನ ಒತ್ತಡ ಇಳಿಯುತ್ತದೆ, ಸೋಸುವಿಕೆ ಸ್ವಲ್ಪ ಕಡಿಮೆಯಾಗುತ್ತದೆ, ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ.

ಅಂದರೆ ಈ ಏರಿಕೆಯಲ್ಲಿ ಕಿಡ್ನಿಯ ಜೀವಕೋಶ ಯಾವುದೂ ಸತ್ತಿಲ್ಲ. ಒತ್ತಡ ಇಳಿದಿದೆ, ಅಷ್ಟೇ. ಡಯಾಬಿಟಿಸ್‌ನಲ್ಲಿ ಪ್ರೋಟೀನ್ ಸೋರುವಂತೆ ಮಾಡಿ, ವರ್ಷಗಳಲ್ಲಿ ಗ್ಲೋಮೆರುಲಸ್ ಅನ್ನು ಗಾಯಗೊಳಿಸುವುದರಲ್ಲಿ ಇದೇ ಒತ್ತಡದ ಪಾಲು ದೊಡ್ಡದು. 1993ರಲ್ಲಿ ಪ್ರಕಟವಾದ ಕ್ಯಾಪ್ಟೊಪ್ರಿಲ್ ಅಧ್ಯಯನದಲ್ಲಿ, ಟೈಪ್ 1 ಡಯಾಬಿಟಿಸ್ ಜೊತೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದವರಲ್ಲಿ, ಕ್ರಿಯಾಟಿನಿನ್ ಎರಡು ಪಟ್ಟಾಗುವ ಅಪಾಯ ಸುಮಾರು ಅರ್ಧಕ್ಕೆ ಇಳಿದಿತ್ತು.

ಹಾಗಾದರೆ ಎಷ್ಟು ಏರಿದರೆ ಪರವಾಗಿಲ್ಲ? 2000ದಲ್ಲಿ ಬಾಕ್ರಿಸ್ ಮತ್ತು ವೀರ್ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ ಒಂದು ಮಿತಿ ಹೇಳಿದರು: ಮೊದಲ ಎರಡು ತಿಂಗಳೊಳಗೆ 30 ಶೇಕಡಾವರೆಗೆ ಏರಿ, ಆಮೇಲೆ ಅಲ್ಲೇ ನಿಂತರೆ ಔಷಧ ನಿಲ್ಲಿಸಬೇಕಿಲ್ಲ. ಇವತ್ತಿನ ಕೆಡಿಗೊ ಮಾರ್ಗಸೂಚಿಯೂ ಇದೇ ಜಾಡಿನಲ್ಲಿದೆ: ಔಷಧ ಶುರು ಮಾಡಿ ಅಥವಾ ಡೋಸ್ ಏರಿಸಿ ಎರಡರಿಂದ ನಾಲ್ಕು ವಾರದೊಳಗೆ ಬಿಪಿ, ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಬೇಕು, ನಾಲ್ಕು ವಾರದೊಳಗೆ 30 ಶೇಕಡಾಕ್ಕಿಂತ ಜಾಸ್ತಿ ಏರದಿದ್ದರೆ ಮುಂದುವರಿಸಬೇಕು.

ಇಲ್ಲಿ ಎಲ್ಲರೂ 30 ಅನ್ನು ಬಾಯಿಪಾಠ ಮಾಡುತ್ತಾರೆ, ‘ಅಲ್ಲೇ ನಿಂತರೆ’ ಅನ್ನುವುದನ್ನು ಮರೆಯುತ್ತಾರೆ. ನನ್ನ ಮಟ್ಟಿಗೆ ಮುಖ್ಯವಾದದ್ದು ಅದೇ. ಒತ್ತಡ ಇಳಿದದ್ದರಿಂದ ಆದ ಏರಿಕೆ ಒಂದು ಮೆಟ್ಟಿಲು ಹತ್ತಿ ನಿಲ್ಲುತ್ತದೆ. ಪ್ರತಿ ಸಲ ನೋಡಿದಾಗಲೂ ಇನ್ನಷ್ಟು ಮೇಲೆ ಹೋಗುತ್ತಿದ್ದರೆ, 30 ದಾಟದಿದ್ದರೂ ಬೇರೆ ಕಾರಣ ಹುಡುಕಬೇಕು. 30ರ ಒಳಗಿದ್ದರೆ ಅಪಾಯವೇ ಇಲ್ಲ ಅಂತಲೂ ಅಲ್ಲ. 2017ರಲ್ಲಿ ಬ್ರಿಟನ್‌ನ ದೊಡ್ಡದೊಂದು ಅಧ್ಯಯನದಲ್ಲಿ, ಏರಿಕೆ ಹೆಚ್ಚಿದಷ್ಟೂ ಮುಂದಿನ ಅಪಾಯವೂ ಹೆಚ್ಚಿತ್ತು, 30ಕ್ಕಿಂತ ಕೆಳಗೂ ಸಹ. ಔಷಧವೇ ಅಪಾಯ ತಂದಿತು ಎಂದು ಅದು ತೋರಿಸುವುದಿಲ್ಲ. ಆದರೆ ಅಂಥ ರೋಗಿಯನ್ನು ಹೆಚ್ಚು ಗಮನದಿಂದ ನೋಡಬೇಕು.

ಒಂದು ಕೇಸ್ ಇಟ್ಟುಕೊಂಡು ಲೆಕ್ಕ ಹಾಕೋಣ. 58 ವರ್ಷದ ರೈತ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಬಿಪಿ 152/94, ಮೂತ್ರದಲ್ಲಿ ಅಲ್ಬುಮಿನ್ ಜಾಸ್ತಿ. ಕ್ರಿಯಾಟಿನಿನ್ 1.4, ಪೊಟ್ಯಾಸಿಯಂ 4.4. ರಾಮಿಪ್ರಿಲ್ 2.5 ಮಿಲಿಗ್ರಾಂ ಶುರು ಮಾಡಿದಿರಿ. ಎರಡು ವಾರಕ್ಕೆ ಕ್ರಿಯಾಟಿನಿನ್ 1.7, ಪೊಟ್ಯಾಸಿಯಂ 4.8. ಏರಿದ್ದು 0.3. ಅದನ್ನು 1.4ರಿಂದ ಭಾಗಿಸಿದರೆ ಸುಮಾರು 21 ಶೇಕಡಾ. ಮಾತ್ರೆ ಮುಂದುವರಿಸಿ, ಎರಡು ವಾರ ಬಿಟ್ಟು ಮತ್ತೆ ನೋಡಿದಿರಿ: 1.7. ನಿಂತಿದೆ. ಬಿಪಿ ಇನ್ನೂ ಮೇಲಿದೆ, ಆದ್ದರಿಂದ 5 ಮಿಲಿಗ್ರಾಂಗೆ ಏರಿಸಿದಿರಿ, ಸಣ್ಣ ಡೋಸಿನಲ್ಲಿ ಹೈಡ್ರೋಕ್ಲೋರೋಥಯಝೈಡ್ ಸೇರಿಸಿದಿರಿ. ಮುಂದಿನ ಪರೀಕ್ಷೆಯಲ್ಲೂ 1.7ರ ಆಸುಪಾಸಿನಲ್ಲೇ ಇತ್ತು.

ಮೂರು ತಿಂಗಳ ಬಳಿಕ ಅದೇ ರೋಗಿ ಸುಸ್ತು ಎಂದು ಬರುತ್ತಾರೆ. ಕ್ರಿಯಾಟಿನಿನ್ 2.6, ಪೊಟ್ಯಾಸಿಯಂ 5.8. ಮೊದಲಿನ 1.4ಕ್ಕೆ ಹೋಲಿಸಿದರೆ ಇದು 86 ಶೇಕಡಾ ಏರಿಕೆ. ಈಗ ಮೊದಲು ಬೇಕಾದದ್ದು ಮಾತುಕತೆ.

“ಮಂಡಿ ನೋವಿಗೆ ಏನಾದ್ರೂ ಮಾತ್ರೆ ತಗೊಂಡ್ರಾ ಯಜಮಾನ್ರೇ?”

“ಮೆಡಿಕಲ್ ಶಾಪಿನವ್ರು ಕೊಟ್ಟಿದ್ದು ಒಂದು ವಾರ ನುಂಗ್ದೆ ಸಾರ್. ಆಮೇಲೆ ಎರಡು ದಿನ ಭೇದಿನೂ ಆಯ್ತು.”

ಅಲ್ಲಿಗೆ ಕತೆ ಬಿಚ್ಚಿಕೊಂಡಿತು. ಭೇದಿ ಮತ್ತು ಡೈಯುರೆಟಿಕ್ ಸೇರಿ ದೇಹದ ನೀರು ಇಳಿಸಿವೆ. ಇಂಥ ಹೊತ್ತಿನಲ್ಲಿ ಕಿಡ್ನಿಗೆ ಎರಡು ಆಸರೆ ಇರುತ್ತವೆ. ಪ್ರೋಸ್ಟಾಗ್ಲಾಂಡಿನ್ ಒಳಬರುವ ನಾಳವನ್ನು ತೆರೆದಿಡುತ್ತದೆ, ಆಂಜಿಯೋಟೆನ್ಸಿನ್ ಹೊರಹೋಗುವ ನಾಳವನ್ನು ಬಿಗಿ ಹಿಡಿಯುತ್ತದೆ. ನೋವಿನ ಮಾತ್ರೆ, ಅಂದರೆ ಡೈಕ್ಲೋಫೆನಾಕ್ ಥರದ್ದು, ಮೊದಲನೆಯದನ್ನು ಕಿತ್ತುಕೊಂಡಿತು. ರಾಮಿಪ್ರಿಲ್ ಎರಡನೆಯದನ್ನು ಆಗಲೇ ತೆಗೆದಿತ್ತು. ಸೋಸುವಿಕೆ ಕುಸಿಯದೆ ಇನ್ನೇನಾಗುತ್ತದೆ?

ಇಲ್ಲಿ ರಾಮಿಪ್ರಿಲ್ ತಾತ್ಕಾಲಿಕವಾಗಿ ನಿಲ್ಲಿಸಬೇಕು. ನೋವಿನ ಮಾತ್ರೆ, ಡೈಯುರೆಟಿಕ್ ಎರಡನ್ನೂ ನಿಲ್ಲಿಸಿ ನೀರಿನ ಕೊರತೆ ತುಂಬಬೇಕು. ಪೊಟ್ಯಾಸಿಯಂ 5.8 ಇರುವುದರಿಂದ ಇಸಿಜಿ ತೆಗೆದು, ಪೊಟ್ಯಾಸಿಯಂ ಬೇಗ ಮತ್ತೆ ನೋಡಬೇಕು. ಒಂದು ವಾರದಲ್ಲಿ ಕ್ರಿಯಾಟಿನಿನ್ 1.7ಕ್ಕೆ ಬಂದು ಪೊಟ್ಯಾಸಿಯಂ ಇಳಿದರೆ, ರಾಮಿಪ್ರಿಲ್ ಕಡಿಮೆ ಡೋಸಿನಲ್ಲಿ ಮತ್ತೆ ಶುರು ಮಾಡಬೇಕು. ಚೀಟಿಯಲ್ಲಿ ‘ಭೇದಿ ಮತ್ತು ನೋವಿನ ಮಾತ್ರೆಯಿಂದ ಏರಿತ್ತು’ ಎಂದು ಕಾರಣ ಸಮೇತ ಬರೆಯಿರಿ. ವಾಂತಿ-ಭೇದಿ ಆದ ದಿನ ಈ ಮಾತ್ರೆ ತಗೋಬೇಡಿ, ನಮಗೆ ಫೋನ್ ಮಾಡಿ ಎಂದು ಮನೆಯವರಿಗೂ ಹೇಳಿ ಕಳಿಸಿ.

ಈಗ ಇನ್ನೊಂದು ಥರದ ರೋಗಿ. 67 ವರ್ಷ, ಬಹಳ ವರ್ಷ ಬೀಡಿ ಸೇದಿದವರು, ನಡೆದರೆ ಮೀನಖಂಡ ನೋವು. ಮೂರು ಔಷಧ ಕೊಟ್ಟರೂ ಬಿಪಿ ಬಗ್ಗುತ್ತಿಲ್ಲ. ಎನಾಲಾಪ್ರಿಲ್ ಕೊಟ್ಟ ಹತ್ತು ದಿನಕ್ಕೆ ಕ್ರಿಯಾಟಿನಿನ್ 1.3ರಿಂದ 2.2. ಭೇದಿ ಇಲ್ಲ, ನೋವಿನ ಮಾತ್ರೆ ಇಲ್ಲ. ಹಿಂದೊಮ್ಮೆ ರಾತ್ರಿ ದಿಢೀರನೆ ಶ್ವಾಸಕೋಶದಲ್ಲಿ ನೀರು ತುಂಬಿ ಅಡ್ಮಿಟ್ ಆಗಿದ್ದರು, ಎಕೋದಲ್ಲಿ ಹೃದಯ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಅಲ್ಟ್ರಾಸೌಂಡ್‌ನಲ್ಲಿ ಒಂದು ಕಿಡ್ನಿ 10.4 ಸೆಂಟಿಮೀಟರ್, ಇನ್ನೊಂದು 8.3. ಇಲ್ಲಿ ಎರಡೂ ಕಡೆ ರೀನಲ್ ಆರ್ಟರಿ ಕಿರಿದಾಗಿದೆಯೇ ಎಂದು ಡಾಪ್ಲರ್ ಮಾಡಿಸಲೇಬೇಕು. ಒಳಬರುವ ರಕ್ತವೇ ಕಡಿಮೆ ಇರುವಾಗ, ಸೋಸುವಿಕೆ ಪೂರ್ತಿ ಆ ಹಿಸುಕುವ ಕೈಯ ಮೇಲೆ ನಿಂತಿರುತ್ತದೆ. ಒಂದೇ ಕಿಡ್ನಿ ಇದ್ದು, ಅದರ ನಾಳ ಕಿರಿದಾಗಿದ್ದರೂ ಹೀಗೇ. ಒಂದು ಕಡೆ ಮಾತ್ರ ಕಿರಿದಾಗಿ ಇನ್ನೊಂದು ಕಿಡ್ನಿ ಚೆನ್ನಾಗಿದ್ದರೆ, ಒಳ್ಳೆಯದು ಕೆಲಸ ಸಂಭಾಳಿಸುತ್ತದೆ, ಕ್ರಿಯಾಟಿನಿನ್ ಅಷ್ಟಾಗಿ ಏರದೆಯೂ ಇರಬಹುದು.

ಹಾರ್ಟ್ ಫೇಲ್ಯೂರ್‌ನಲ್ಲಿ ಮಾತ್ರ ಅಳತೆ ಸ್ವಲ್ಪ ಸಡಿಲ. ಅಲ್ಲಿ ಔಷಧದ ಲಾಭ ದೊಡ್ಡದು. ಯುರೋಪಿನ ಹೃದ್ರೋಗ ಮಾರ್ಗಸೂಚಿ 50 ಶೇಕಡಾವರೆಗಿನ ಏರಿಕೆಯನ್ನು ಒಪ್ಪುತ್ತದೆ, ಕ್ರಿಯಾಟಿನಿನ್ 3 ದಾಟದಿದ್ದರೆ. ಅಲ್ಲಿ ನಾನು ಮೊದಲು ನೋಡುವುದು ಕಾಲಿನ ಬಾವು ಮತ್ತು ಕುತ್ತಿಗೆಯ ನಾಳ. ಎರಡೂ ಇಳಿದು ರೋಗಿ ಒಣಗಿದ್ದರೆ, ಮೊದಲು ಕಡಿಮೆ ಮಾಡಬೇಕಾದದ್ದು ಫ್ಯೂರೋಸಮೈಡ್.