ಒರೆ ಚಾಕುವನ್ನು ಎಲ್ಲಿ ಹಿಡಿಯುತ್ತದೆ? ಚರ್ಮ ಮತ್ತು ಪ್ಲಾಸ್ಟಿಕ್ ಒರೆಗಳ ಅಧ್ಯಯನ ಟಿಪ್ಪಣಿ

ನನ್ನ ಬಳಿ 10 ಸೆಂ.ಮೀ. ಅಲಗಿನ ಕಾರ್ಬನ್ ಉಕ್ಕಿನ ಚಾಕುವೊಂದಿದೆ. ಮಡಚಲು ಬಾರದ ಈ ಚಾಕುವಿಗೆ ಎರಡು ಒರೆಗಳಿವೆ. ಒಂದು ತೊಗಟೆಯಿಂದ ಹದ ಮಾಡಿದ ದಪ್ಪ ಚರ್ಮದ್ದು, ಇನ್ನೊಂದು ಕೈಡೆಕ್ಸ್ ಎಂಬ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಚಾಕುವಿನ ಆಕಾರಕ್ಕೆ ಒತ್ತಿ ಮಾಡಿದ್ದು. ಮಲೆನಾಡಿನ ಮಳೆಗಾಲದ ಚಾರಣಕ್ಕೆ ಯಾವುದು ಸರಿ ಎಂದು ಹೋಲಿಸುತ್ತ ಹೋದಾಗ, ಒರೆ ಚಾಕುವನ್ನು ಎಲ್ಲಿ ಹಿಡಿದುಕೊಂಡಿದೆ ಎಂಬ ಒಂದೇ ಪ್ರಶ್ನೆಗೆ ಉತ್ತರ ತಿಳಿದರೆ ಸದ್ದು, ತೇವ, ಸುರಕ್ಷತೆಗಳೂ ಅರ್ಥವಾಗುತ್ತವೆ ಎಂಬುದು ಸ್ಪಷ್ಟವಾಯಿತು.

ಹಿಡಿತ

ನಾನು ಬಹಳ ದಿನ ತಪ್ಪು ತಿಳಿದದ್ದು ಇಲ್ಲಿಯೇ. ಒರೆ ಅಲಗನ್ನು ಉದ್ದಕ್ಕೂ ಬಿಗಿಯಾಗಿ ಅಪ್ಪಿಕೊಂಡಷ್ಟೂ ಹಿಡಿತ ಹೆಚ್ಚುತ್ತದೆ ಎಂದುಕೊಂಡಿದ್ದೆ. ವಾಸ್ತವದಲ್ಲಿ ಸರಿಯಾಗಿ ಮಾಡಿದ ಕೈಡೆಕ್ಸ್ ಒರೆಯೊಳಗೆ ಅಲಗು ಹೆಚ್ಚುಕಡಿಮೆ ಸಡಿಲವಾಗಿರುತ್ತದೆ. ಹಿಡಿತವಿರುವುದು ಬಾಯಿಯ ಬಳಿ, ಹಿಡಿಯ ಮುಂಭಾಗದಲ್ಲಿ ಬೆರಳಿಗೆಂದು ಮಾಡಿರುವ ತಗ್ಗಿನಲ್ಲಿ ಅಥವಾ ಬೆರಳು ಜಾರದಂತೆ ತಡೆಯುವ ಅಡ್ಡಗಟ್ಟೆಯ ಸುತ್ತ. ಅಲ್ಲಿ ಪ್ಲಾಸ್ಟಿಕ್ ಒಳಕ್ಕೆ ಉಬ್ಬಿಕೊಂಡಿರುವುದರಿಂದ ಚಾಕು ಆ ಉಬ್ಬನ್ನು ದಾಟುವಾಗ 'ಟಕ್' ಎಂಬ ಸದ್ದಿನೊಂದಿಗೆ ಕೂರುತ್ತದೆ. ಅಲಗನ್ನೇ ಬಿಗಿಹಿಡಿಯುವ ಪ್ಲಾಸ್ಟಿಕ್ ಒರೆಯಲ್ಲಿ ಮರಳಿನ ಕಣವೊಂದು ಸೇರಿದರೂ ಸಾಕು, ಪ್ರತಿ ಸಲ ಎಳೆದಾಗಲೂ ಉಕ್ಕಿನ ಮೇಲೆ ಗೀರು ಬೀಳುತ್ತದೆ.

ಚರ್ಮದ ಒರೆ ಹಾಗಲ್ಲ. ಅದನ್ನು ಒದ್ದೆ ಮಾಡಿ, ಚಾಕುವಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಒಳಗಿಟ್ಟು, ಹೊರಗಿನಿಂದ ಒತ್ತಿ ಒಣಗಿಸುತ್ತಾರೆ. ಹಿಡಿಯ ಅರ್ಧದಷ್ಟಾದರೂ ಒಳಗೆ ಕೂರುವ ಆಳವಾದ ಒರೆಯಾದರೆ ಇಡೀ ಮೈ ಚರ್ಮಕ್ಕೆ ತಾಗಿ, ಉಜ್ಜುವಿಕೆಯೇ ಚಾಕುವನ್ನು ನಿಲ್ಲಿಸುತ್ತದೆ. ಆದರೆ ಈ ಹಿಡಿತ ಚರ್ಮದ ಗಡಸುತನವನ್ನು ನಂಬಿದೆ, ಗಡಸುತನವು ಒಣಗಿರುವುದನ್ನು ನಂಬಿದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಿದೆ. ನೆಲದ ಮೇಲೆ ಮಡಿಸಿದ ಕಂಬಳಿ ಹಾಸಿ, ಹಿಡಿಯನ್ನು ಒರೆಗೆ ಕಟ್ಟಿಡುವ ಗುಂಡಿಪಟ್ಟಿ ಇದ್ದರೆ ಬಿಚ್ಚಿ, ಒರೆಯನ್ನು ತಲೆಕೆಳಗಾಗಿ ಹಿಡಿದು ಜೋರಾಗಿ ಮೂರು ಬಾರಿ ಕೊಡವಿದೆ. ಚಾಕು ಬೀಳುವ ಜಾಗದಿಂದ ಪಾದ ಮತ್ತು ಇನ್ನೊಂದು ಕೈ ದೂರವಿರಬೇಕು. ಒಣಗಿದ್ದಾಗ ಎರಡೂ ಒರೆಗಳು ಚಾಕುವನ್ನು ಬಿಡಲಿಲ್ಲ. ಬಳಿಕ ಎರಡನ್ನೂ ಅರ್ಧ ಗಂಟೆ ನೀರಿನಲ್ಲಿಟ್ಟು ಕೊಡವಿದಾಗ ಚರ್ಮದ ಒರೆಯಿಂದ ಚಾಕು ಎರಡನೆಯ ಕೊಡವಿಗೇ ಜಾರಿತು. ಪ್ಲಾಸ್ಟಿಕ್‌ನಲ್ಲಿ ಬದಲಾವಣೆ ಕಾಣಲಿಲ್ಲ. ಒಣಗಿದ ಒರೆಯನ್ನಷ್ಟೇ ಪರೀಕ್ಷಿಸಿ ಮಳೆಗೆ ಹೊರಡಬಾರದು.

ಕೈಡೆಕ್ಸ್ ಸಡಿಲವಾದರೆ ಮೊದಲು ಬಾಯಿಯ ಬಳಿಯ ತಿರುಪನ್ನು ಬಿಗಿ ಮಾಡಿ ನೋಡಬೇಕು. ತಿರುಪಿಲ್ಲದಿದ್ದರೆ ಆ ಉಬ್ಬಿನ ಭಾಗವನ್ನು ಮಾತ್ರ ಬಿಸಿಗಾಳಿಯ ಗನ್ನಿನಿಂದ ಮೆತ್ತಗಾಗುವವರೆಗೆ ಕಾಯಿಸಿ, ಚಾಕುವನ್ನು ಒಳಗಿಟ್ಟು, ದಪ್ಪ ಕೈಗವಸು ಧರಿಸಿ ಹೆಬ್ಬೆರಳಿನಿಂದ ಒತ್ತಿ, ಪೂರ್ತಿ ತಣಿಯುವವರೆಗೆ ಹಾಗೆಯೇ ಹಿಡಿಯಬೇಕು. ಕಾವು ಸುತ್ತಲೂ ಹರಡಿದರೆ ಹಾಳೆ ತನ್ನ ಮೊದಲಿನ ಚಪ್ಪಟೆ ರೂಪಕ್ಕೆ ಮರಳಲು ಎಳೆಯುತ್ತದೆ, ಆಗ ಇದ್ದ ಅಚ್ಚೂ ಕೆಡುತ್ತದೆ.

ಸದ್ದು

ಚರ್ಮದಲ್ಲಿ ಮೈಗೆ ಮೈ ತಾಗಿರುವುದರಿಂದ ಸದ್ದಿಗೆ ಎಡೆಯಿಲ್ಲ. ಪ್ಲಾಸ್ಟಿಕ್‌ನಲ್ಲಿ ಎಡೆ ಇರುವುದರಿಂದ ನಡೆಯುವಾಗ ಅಲಗು ಗಲಗಲ ಎನ್ನಬಹುದು. ಆದರೆ ನನ್ನ ಒರೆಯ ಸದ್ದು ಬರುತ್ತಿದ್ದುದು ಅಲಗಿನಿಂದಲ್ಲ, ಸೊಂಟಪಟ್ಟಿಯ ಕೊಂಡಿಯಿಂದ. ಕೊಂಡಿಗೂ ಒರೆಗೂ ನಡುವೆ ಸೈಕಲ್ ಟ್ಯೂಬಿನ ತುಂಡೊಂದನ್ನು ಇಟ್ಟ ಮೇಲೆ ಅದು ನಿಂತಿತು. ಹೊರತೆಗೆಯುವಾಗಿನ 'ಟಕ್' ಮಾತ್ರ ಹೋಗುವುದಿಲ್ಲ. ಪ್ರಾಣಿಪಕ್ಷಿ ವೀಕ್ಷಣೆಗೆ ಕುಳಿತಿರುವವರಿಗೆ ಈ ಕಾರಣಕ್ಕಾಗಿ ಚರ್ಮವೇ ಮೇಲು.

ತೇವ

ಪ್ಲಾಸ್ಟಿಕ್ ನೀರು ಹೀರುವುದಿಲ್ಲ ಎಂದ ಮಾತ್ರಕ್ಕೆ ಅಲಗು ತುಕ್ಕು ಹಿಡಿಯುವುದಿಲ್ಲ ಎಂದಲ್ಲ. ತುದಿಯಲ್ಲಿ ನೀರು ಇಳಿಯುವ ತೂತು ಇಲ್ಲದಿದ್ದರೆ ಅಥವಾ ಅದು ಕೆಸರಿನಿಂದ ಮುಚ್ಚಿದ್ದರೆ ತುದಿ ನೀರಿನಲ್ಲೇ ನಿಂತಿರುತ್ತದೆ. ಆದರೂ ಒರೆಯನ್ನು ತೊಳೆದು ಕೊಡವಿ ಬಟ್ಟೆಯಿಂದ ಒರೆಸಿದರೆ ಕೆಲಸ ಮುಗಿಯಿತು. ಚರ್ಮ ಒಮ್ಮೆ ಒದ್ದೆಯಾದರೆ ಮಳೆಗಾಲದಲ್ಲಿ ಒಣಗಲು ದಿನಗಳೇ ಬೇಕು, ಅಷ್ಟು ಹೊತ್ತೂ ಅದು ಅಲಗಿಗೆ ತೇವವನ್ನು ಒತ್ತಿ ಹಿಡಿದಿರುತ್ತದೆ. ಬೆಂಕಿಯ ಬಳಿ ಒಣಗಿಸಿದರೆ ಚರ್ಮ ಸುಕ್ಕುಗಟ್ಟಿ ಬಿರಿಯುತ್ತದೆ; ನೆರಳಿನಲ್ಲಿ ಒಣಗಿಸಿ ಜೇನುಮೇಣ ಸವರಬೇಕು. ಎಣ್ಣೆ ಹೆಚ್ಚಾದರೆ ಚರ್ಮ ಮೆತ್ತಗಾಗಿ, ನಾವು ಉಳಿಸಿಕೊಳ್ಳಬೇಕೆಂದ ಹಿಡಿತವೇ ಸಡಿಲವಾಗುತ್ತದೆ. ಮನೆಯಲ್ಲಿ ಚಾಕುವನ್ನು ಯಾವ ಒರೆಯಲ್ಲೂ ಇಡದೆ ಬೇರೆಯಾಗಿ ಇಡುವುದು ಲೇಸು.

ಒಯ್ಯುವಿಕೆ

ಚರ್ಮದ ಎರಡು ಪದರಗಳ ನಡುವೆ, ಅಲಗಿನ ಧಾರೆಯ ಕಡೆ, ಇನ್ನೊಂದು ಚರ್ಮದ ಪಟ್ಟಿ ಇರಬೇಕು. ಅದಿಲ್ಲದಿದ್ದರೆ ಧಾರೆ ನೇರವಾಗಿ ಹೊಲಿಗೆಯ ದಾರವನ್ನು ಕೊಯ್ಯುತ್ತದೆ. ಒದ್ದೆಯಾಗಿ ಮೆತ್ತಗಾದ ಚರ್ಮವನ್ನು ಚಾಕುವಿನ ಮೊನೆ ಚುಚ್ಚಿ ಹೊರಬರಬಹುದಾದ್ದರಿಂದ ಜಾರಿ ಬೀಳುವ ಇಳಿಜಾರಿನಲ್ಲಿ ಗಟ್ಟಿ ಪ್ಲಾಸ್ಟಿಕ್ ಹೆಚ್ಚು ಭರವಸೆಯದ್ದು.

ಆದರೆ ಪ್ಲಾಸ್ಟಿಕ್‌ನಿಂದ ಚಾಕುವನ್ನು ಜಗ್ಗಿ ಎಳೆಯಬಾರದು. ಉಬ್ಬು ಬಿಟ್ಟುಕೊಡುವ ಕ್ಷಣದಲ್ಲಿ ಕೈ ಹಠಾತ್ತನೆ ಹಾರಿ ಪಕ್ಕದವರಿಗೆ ತಗುಲಬಹುದು. ಹಿಡಿಯನ್ನು ಹಿಡಿದು, ಹೆಬ್ಬೆರಳನ್ನು ಒರೆಯ ಬಾಯಿಯಂಚಿಗೆ ಊರಿ ಕೆಳಕ್ಕೆ ತಳ್ಳಬೇಕು. 'ಟಕ್' ಕೇಳಿದ ಮೇಲೆ, ಒರೆಯ ಧಾರೆಯ ಬದಿಯಲ್ಲಿ ಇನ್ನೊಂದು ಕೈಯ ಬೆರಳುಗಳಿಲ್ಲವೆಂದು ನೋಡಿಕೊಂಡು ನಿಧಾನವಾಗಿ ಮೇಲೆತ್ತಬೇಕು.