189ಕ್ಕೆ ಬಾರದ ಕರೆ 491ಕ್ಕೆ ಯಾಕೆ ಬರುತ್ತದೆ?

189, 190, 491 ಎನ್ನುವ ಕೌಶಲ್ಯದ ವೀಸಾಗಳಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟವರು ನನ್ನ ಮುಂದೆ ಕೂತ ತಕ್ಷಣ ಕೇಳುವುದು ಒಂದೇ: "ಸರ್, 65 ಅಂಕ ಆಗಿದೆ, ಸಾಕಲ್ವಾ?" ಆಸಕ್ತಿ ಅರ್ಜಿ ಹಾಕೋಕೆ ಸಾಕು. ವೀಸಾಕ್ಕೆ ಅರ್ಜಿ ಹಾಕಿ ಎನ್ನುವ ಕರೆ ಬರೋಕೆ ಸಾಲದೇ ಇರಬಹುದು.

ಹೋದ ವರ್ಷ ಬಂದಿದ್ದ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಲೆಕ್ಕ ನೋಡಿ. ವಯಸ್ಸು 34, ಅದಕ್ಕೆ 25 ಅಂಕ. ಬಿ.ಇ.ಗೆ 15. ಇಂಗ್ಲಿಷ್ ಪರೀಕ್ಷೆಗೆ 10. ಹೆಂಡತಿಯ ಇಂಗ್ಲಿಷಿಗೆ 5. ಎಂಟು ವರ್ಷದ ಅನುಭವಕ್ಕೆ 15 ಹಾಕಿಕೊಂಡು 70 ಅಂತ ಬರೆದುಕೊಂಡು ಬಂದಿದ್ದರು. ಆದರೆ ಐಟಿಯವರ ಅನುಭವ ಅಳೆಯುವ ಎಸಿಎಸ್ ಸಂಸ್ಥೆ ಇವರ ಮೊದಲ ಎರಡು ವರ್ಷವನ್ನು ಲೆಕ್ಕದಿಂದ ಕಳೆದಿತ್ತು. ಉಳಿದದ್ದು ಆರು ವರ್ಷ, ಅಂದರೆ 10 ಅಂಕ. ನಿಜವಾದ ಮೊತ್ತ 65.

ಈ ಐದು ಅಂಕ ಸಣ್ಣ ವಿಷಯ ಅಲ್ಲ. ಕರೆ ಪತ್ರದಲ್ಲಿರುವ ಅಂಕ ವೀಸಾ ಅರ್ಜಿಯಲ್ಲಿ ಸಾಬೀತಾಗದಿದ್ದರೆ ವೀಸಾ ತಿರಸ್ಕಾರ ಆಗುತ್ತದೆ, ಕಟ್ಟಿದ ಶುಲ್ಕವೂ ಹೋಗುತ್ತದೆ.

189 ಇಡೀ ದೇಶದ ಸಾಲು. ಆಸಕ್ತಿ ಅರ್ಜಿ ಹಾಕುವ ಸರ್ಕಾರಿ ಜಾಲತಾಣವಾದ ಸ್ಕಿಲ್‌ಸೆಲೆಕ್ಟ್‌ನಲ್ಲಿ ನಿಮ್ಮ ಉದ್ಯೋಗದವರ ಜೊತೆ ನಿಂತಿರುತ್ತೀರಿ, ಜಾಸ್ತಿ ಅಂಕದವರು ಮುಂದೆ. ಯಾವ ಊರಲ್ಲಿ ಇರುತ್ತೀರಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಸಾಫ್ಟ್‌ವೇರ್‌ನವರು 65 ಇಟ್ಟುಕೊಂಡು ಆ ಸಾಲಿನಲ್ಲಿ ನಿಂತರೆ ಸುಮ್ನೆ ದಿನ ಎಣಿಸಬೇಕು.

ರಾಜ್ಯದ ದಾರಿಯಲ್ಲಿ ಕೇಳುವುದೇ ಬೇರೆ: ನಮ್ಮಲ್ಲಿ ಈ ಕೆಲಸಕ್ಕೆ ಜನ ಬೇಕಾ? ರಾಜ್ಯ ನಾಮನಿರ್ದೇಶನ ಮಾಡಿದರೆ 190ಕ್ಕೆ 5 ಅಂಕ ಸೇರುತ್ತದೆ, 491ಕ್ಕೆ 15. ನಮ್ಮ ಎಂಜಿನಿಯರ್ 190ರಲ್ಲಿ 70, 491ರಲ್ಲಿ 80 ಆಗುತ್ತಾರೆ. ಆದರೆ ಒಂದೊಂದು ರಾಜ್ಯಕ್ಕೂ ಕೇಂದ್ರ ಸರ್ಕಾರ ವರ್ಷಕ್ಕೆ ಇಷ್ಟೇ ಎಂದು ಜಾಗ ಕೊಡುತ್ತದೆ. ಯಾವ ಉದ್ಯೋಗ, ಎಷ್ಟು ಅನುಭವ ಬೇಕು ಎನ್ನುವುದನ್ನು ರಾಜ್ಯವೇ ತೀರ್ಮಾನಿಸುತ್ತದೆ, ವರ್ಷವರ್ಷವೂ ಬದಲಾಯಿಸುತ್ತದೆ.

ಇಲ್ಲಿ ಜನ ಎಡವುವುದನ್ನು ಪದೇಪದೇ ನೋಡಿದ್ದೇನೆ. ಸ್ಕಿಲ್‌ಸೆಲೆಕ್ಟ್‌ನಲ್ಲಿ ವಿಕ್ಟೋರಿಯಾ ಅಂತ ಟಿಕ್ ಮಾಡಿ ತಿಂಗಳುಗಟ್ಟಲೆ ಕಾಯುತ್ತಾರೆ. ವಿಕ್ಟೋರಿಯಾಕ್ಕೆ ಅದರದ್ದೇ ಜಾಲತಾಣದಲ್ಲಿ ಇನ್ನೊಂದು ಆಸಕ್ತಿ ಅರ್ಜಿ ಹಾಕಬೇಕು. ಅದಿಲ್ಲದಿದ್ದರೆ ಅವರ ಆಯ್ಕೆಗೆ ನಿಮ್ಮ ಹೆಸರೇ ಹೋಗುವುದಿಲ್ಲ.

ಆ 15 ಅಂಕ ಪುಕ್ಕಟೆ ಬರುವುದಿಲ್ಲ. 190 ಕೈಗೆ ಬಂದಾಗಲೇ ಕಾಯಂ ವಾಸದ ವೀಸಾ. 491 ಐದು ವರ್ಷದ ತಾತ್ಕಾಲಿಕ ವೀಸಾ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಬೇರೆ ಕಡೆ ವಾಸ, ಕೆಲಸ ಎರಡೂ ಇರಬೇಕು. ಅಡಿಲೇಡ್, ಪರ್ತ್ ಕೂಡ ಈ ಲೆಕ್ಕದಲ್ಲಿ 'ಪ್ರಾದೇಶಿಕ'ವೇ, ಹಾಗಾಗಿ ಹಳ್ಳಿಗೆ ಹೋಗಬೇಕೇನೋ ಎಂದು ಹೆದರಬೇಕಿಲ್ಲ. ಹಾಗೆ ಮೂರು ವರ್ಷ ಕಳೆದು, ಮೂರು ವರ್ಷದ ತೆರಿಗೆ ದಾಖಲೆ ಇದ್ದರೆ 191 ಎನ್ನುವ ವೀಸಾ ಮೂಲಕ ಕಾಯಂ ಆಗಬಹುದು. ಆ ಮೂರು ವರ್ಷದೊಳಗೆ 189 ಅಥವಾ 190ಕ್ಕೆ ಜಿಗಿಯಲು ಸಾಮಾನ್ಯವಾಗಿ ಬಿಡುವುದಿಲ್ಲ.

ನಮ್ಮ ಎಂಜಿನಿಯರ್ ಅಣ್ಣ ಇರುವುದು ಮೆಲ್ಬರ್ನ್‌ನಲ್ಲಿ. "ಅವನ ಮನೇಲಿ ಇದ್ದುಕೊಂಡು 491ರಲ್ಲಿ ಕೆಲಸ ಮಾಡಬಹುದಾ?" ಎಂದು ಕೇಳಿದರು. ಆಗುವುದಿಲ್ಲ ಎಂದೆ. ಮೆಲ್ಬರ್ನ್‌ಗೆ ಹತ್ತಿರದ, ಆದರೆ 'ಪ್ರಾದೇಶಿಕ' ಎನಿಸುವ ಜೀಲಾಂಗ್‌ನಲ್ಲಿ ಮನೆ ಮಾಡಿ, ಅಲ್ಲೇ ಕೆಲಸ ಹುಡುಕಿ, ವಾರಾಂತ್ಯ ಅಣ್ಣನ ಮನೆಗೆ ಊಟಕ್ಕೆ ಹೋಗಬಹುದು.