ಆ 66 ಪರ್ಸೆಂಟ್ ಎಲ್ಲಿಂದ ಬಂತು ಅಂತ ಮೊದಲು ಕೇಳಿ

ಕೆಲಸ ಬಿಟ್ಟ ಒಬ್ಬ ಸೇಲ್ಸ್ ಮ್ಯಾನೇಜರ್ ಕೊನೆಯ ಲೆಕ್ಕದ ಹಾಳೆ ಹಿಡಿದು ನನ್ನ ಹತ್ತಿರ ಬಂದಿದ್ದರು. ಇನ್ಸೆಂಟಿವ್ ಎದುರು ಸೊನ್ನೆ. ಪಕ್ಕದಲ್ಲಿ ಒಂದೇ ಸಾಲು: ಸಾಧನೆ 66%, ಕನಿಷ್ಠ 80% ಆಗದ್ದರಿಂದ ಅರ್ಹತೆ ಇಲ್ಲ.

"ಸರ್, ಜೂನ್‌ವರೆಗೆ ನಾನು 110 ಪರ್ಸೆಂಟ್‌ನಲ್ಲಿದ್ದೆ. ಆಮೇಲೂ ಮಾರಾಟ ಕಮ್ಮಿ ಆಗಿಲ್ಲ. 66 ಹೇಗಾಗುತ್ತೆ?" ಅಂತ ಕೇಳಿದರು.

ಇನ್ಸೆಂಟಿವ್ ಪ್ಲ್ಯಾನ್ ಬರೆಯುವುದು, ಅದರ ಲೆಕ್ಕ ಪರಿಶೀಲಿಸುವುದು ನನ್ನ ಕೆಲಸ. ಇಂಥ ಜಗಳಗಳಲ್ಲಿ ಎಲ್ಲರೂ ಮೊದಲು ನ್ಯಾಯ ಅನ್ಯಾಯದ ಮಾತಾಡುತ್ತಾರೆ. ನಾನು ಮೊದಲು ಭಾಗಿಸಿದ ಸಂಖ್ಯೆ ನೋಡುತ್ತೇನೆ. ಮಾರಿದ್ದು ಎಷ್ಟು ಅನ್ನುವುದರಲ್ಲಿ ಸಾಮಾನ್ಯವಾಗಿ ತಕರಾರು ಇರುವುದಿಲ್ಲ. ಅದನ್ನು ಯಾವ ಟಾರ್ಗೆಟ್‌ನಿಂದ ಭಾಗಿಸಿದರು ಅನ್ನುವುದರಲ್ಲೇ ಎಲ್ಲ ಅಡಗಿರುತ್ತದೆ.

ಇವರ ಲೆಕ್ಕ ಹೀಗಿತ್ತು. ಜನವರಿಯ ಪ್ಲ್ಯಾನ್ ಲೆಟರ್ ಪ್ರಕಾರ ವರ್ಷಕ್ಕೆ 1200 ಯೂನಿಟ್, ಅಂದರೆ ತಿಂಗಳಿಗೆ 100. 80% ಒಳಗಾದರೆ ಏನೂ ಇಲ್ಲ, 100% ದಾಟಿದರೆ ಮೇಲಿನ ಸ್ಲ್ಯಾಬ್. ಜೂನ್ ಮುಗಿದಾಗ 660 ಮಾರಿದ್ದರು. ಜುಲೈನಲ್ಲಿ ಹೊಸ ಲೆಟರ್ ಬಂತು: ವರ್ಷದ ಟಾರ್ಗೆಟ್ ಇನ್ನು 1500. ಮುಂದಿನ ಮೂರು ತಿಂಗಳಲ್ಲಿ ಇನ್ನೂ 330 ಮಾರಿ, ನೋಟಿಸ್ ಪೀರಿಯಡ್ ಪೂರ್ತಿ ಮುಗಿಸಿ, ಸೆಪ್ಟೆಂಬರ್ ಕೊನೆಗೆ ಹೊರಬಂದರು. ಒಟ್ಟು 990.

ಈಗ ಇದೇ 990 ಅನ್ನು ಭಾಗಿಸಿ ನೋಡೋಣ. ಹಳೆಯ ಟಾರ್ಗೆಟ್‌ನ ಒಂಬತ್ತು ತಿಂಗಳ ಪಾಲು 900. ಆಗ 110%. ಹೊಸ ಟಾರ್ಗೆಟ್ ಜುಲೈನಿಂದ ಮಾತ್ರ ಶುರು ಅಂದುಕೊಂಡರೆ ಮೊದಲ ಆರು ತಿಂಗಳಿಗೆ 600, ಆಮೇಲಿನ ಮೂರಕ್ಕೆ ತಿಂಗಳಿಗೆ 125ರಂತೆ 375, ಒಟ್ಟು 975. ಆಗ 101.5%. ಹೆಚ್ಚಿಸಿದ 300 ಯೂನಿಟ್ ಅನ್ನು ಪೂರ್ತಿ ಕೊನೆಯ ಆರು ತಿಂಗಳ ಮೇಲೆ ಹೇರಿದರೆ ತಿಂಗಳಿಗೆ 150 ಆಗುತ್ತದೆ. ಆಗ ಬರುವುದು 94.3%. ಹೊಸ ಟಾರ್ಗೆಟ್ ಅನ್ನು ಜನವರಿಗೇ ಎಳೆದರೆ 88%. ಕಂಪನಿ ಈ ನಾಲ್ಕರಲ್ಲಿ ಒಂದನ್ನೂ ಮಾಡಿರಲಿಲ್ಲ. ಒಂಬತ್ತು ತಿಂಗಳ ಮಾರಾಟವನ್ನು ಹನ್ನೆರಡು ತಿಂಗಳ ಹೊಸ ಟಾರ್ಗೆಟ್‌ನಿಂದ, ಅಂದರೆ 1500ರಿಂದ ಭಾಗಿಸಿತ್ತು. ಹಾಗೆ ಬಂದದ್ದು ಆ 66.

ಇದನ್ನು ಯಾರೋ ಬೇಕಂತಲೇ ಮಾಡಿದರು ಅಂತ ನಾನು ಹೇಳುವುದಿಲ್ಲ. ಎಷ್ಟೋ ಸಲ ಪೇರೋಲ್‌ನವರ ಶೀಟ್‌ನಲ್ಲಿ ಒಂದೇ ಟಾರ್ಗೆಟ್ ಕಾಲಂ ಇರುತ್ತದೆ. ಜುಲೈನಲ್ಲಿ ಅದರೊಳಗಿನ ಸಂಖ್ಯೆ ಬದಲಾಯಿಸಿದರೆ ಹಳೆಯದು ಅಳಿಸಿಹೋಗುತ್ತದೆ. ಬಿಟ್ಟುಹೋದವರಿಗೆ ತಿಂಗಳ ಪಾಲು ಹಾಕಬೇಕು ಅನ್ನುವುದು ಆ ಶೀಟ್‌ಗೆ ಗೊತ್ತಿರುವುದಿಲ್ಲ. ಆದರೆ ಅದರ ನಷ್ಟ ಅನುಭವಿಸುವುದು ಮಾರಿದವರು. ಇದು ನನಗೆ ಪ್ರತಿ ಸಲವೂ ಸಂಕಟ ಕೊಡುತ್ತದೆ.

ಜನವರಿಯ ಲೆಟರ್‌ನಲ್ಲಿ ಬಿಟ್ಟುಹೋಗುವವರ ಬಗ್ಗೆ ಒಂದು ಮಾತೂ ಇರಲಿಲ್ಲ. ಆದರೆ ವರ್ಷದ ಮಧ್ಯೆ ಸೇರಿದವರಿಗೆ ಸೇರಿದ ತಿಂಗಳಿನಿಂದಲೇ ಟಾರ್ಗೆಟ್ ಲೆಕ್ಕ ಅಂತ ಸ್ಪಷ್ಟವಾಗಿತ್ತು. ಒಳಗೆ ಬರುವವರಿಗೆ ತಿಂಗಳ ಲೆಕ್ಕ ಇದ್ದರೆ ಹೊರಗೆ ಹೋಗುವವರಿಗೆ ಯಾಕಿಲ್ಲ? ನಮ್ಮ ಮೊದಲ ವಾದ ಇದೇ ಆಯಿತು.

ಎರಡನೆಯ ತಡೆ ಇನ್ನೂ ಗಟ್ಟಿ. ಹಣ ಕೊಡುವ ದಿನ, ಅಂದರೆ ಮುಂದಿನ ಫೆಬ್ರವರಿಯಲ್ಲಿ, ಉದ್ಯೋಗಿ ಕೆಲಸದಲ್ಲಿ ಇರಬೇಕು ಅಂತ ಎಚ್‌ಆರ್ ಹೇಳಿದರು. ಈ ಷರತ್ತು ತುಂಬ ಪ್ಲ್ಯಾನ್‌ಗಳಲ್ಲಿ ಇರುತ್ತದೆ. ಸೇರುವಾಗಲೇ ಒಪ್ಪಿ ಸಹಿ ಹಾಕಿದ್ದು, ಮಾತು ಸ್ಪಷ್ಟವಾಗಿದೆ ಅಂದರೆ ಅದು ನಿಲ್ಲುವ ಸಾಧ್ಯತೆ ಜಾಸ್ತಿ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹಾಗಾಗಿ ನಾನು ಕೇಳಿದ್ದು, ಆ ಷರತ್ತು ಯಾವ ಕಾಗದದಲ್ಲಿದೆ ಅಂತ. ಹುಡುಕಿದಾಗ ಸಿಕ್ಕಿದ್ದು ಜುಲೈ ಲೆಟರ್‌ನ ಎರಡನೇ ಪುಟದಲ್ಲಿ. ಜನವರಿಯ ಲೆಟರ್‌ನಲ್ಲಿ ಇಲ್ಲ. ಟಾರ್ಗೆಟ್ ಬದಲಾದಾಗ ಎಲ್ಲರೂ ಮೊದಲ ಪುಟದ ಸಂಖ್ಯೆ ನೋಡಿ ಸಿಟ್ಟಾಗುತ್ತಾರೆ. ಎರಡನೇ ಪುಟ ತಿರುಗಿಸುವುದೇ ಇಲ್ಲ. ಜೂನ್‌ವರೆಗಿನ 660 ಯೂನಿಟ್ ಮಾರಿದ್ದು ಆ ಷರತ್ತು ಹುಟ್ಟುವ ಮೊದಲು, ಅಲ್ವಾ?

ಗಳಿಸಿದ ದಿನ ಬೇರೆ, ಕೈಗೆ ಬರುವ ದಿನ ಬೇರೆ. ಆರ್ಡರ್ ಬಂದಾಗ ಗಳಿಕೆಯೋ, ಬಿಲ್ ಆದಾಗಲೋ, ಗ್ರಾಹಕರ ಹಣ ಬಂದಾಗಲೋ ಅಂತ ಪ್ಲ್ಯಾನ್ ಹೇಳಬೇಕು. ಗಳಿಕೆಯಾದ ಮೇಲೆ ಫೆಬ್ರವರಿ ಅನ್ನುವುದು ಬರೀ ಕೊಡುವ ತಾರೀಖು ಅಂತ ವಾದಿಸಬಹುದು. ಇದರಲ್ಲಿ ಪ್ರತಿ ದೇಶದ ಕಾನೂನೂ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 2013ರಿಂದ ಕಮಿಷನ್ ಒಪ್ಪಂದ ಬರವಣಿಗೆಯಲ್ಲೇ ಇರಬೇಕು, ಉದ್ಯೋಗಿಯಿಂದ ಸಹಿ ಮಾಡಿದ ರಸೀದಿ ಪಡೆಯಬೇಕು. ಕೆನಡಾದ ಸುಪ್ರೀಂ ಕೋರ್ಟ್ 2020ರ ಮ್ಯಾಥ್ಯೂಸ್ ಪ್ರಕರಣದಲ್ಲಿ, ಕೆಲಸದಲ್ಲಿ ಇರಬೇಕು ಅನ್ನುವ ಷರತ್ತಿನ ಮಾತು ಅನುಮಾನಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟವಿಲ್ಲ ಅಂತ ಹೇಳಿ ಉದ್ಯೋಗಿಗೆ ಬೋನಸ್ ಮೊತ್ತದ ಪರಿಹಾರ ಕೊಡಿಸಿತು. ಆದರೆ ಅವರು ತಾವಾಗಿ ಬಿಟ್ಟವರಲ್ಲ, ಕಂಪನಿಯ ವರ್ತನೆಯೇ ಅವರನ್ನು ಹೊರಗೆ ತಳ್ಳಿತ್ತು. ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಟ್ಟವರು ಆ ತೀರ್ಪನ್ನು ಹಾಗೇ ಎತ್ತಿಕೊಳ್ಳುವುದಕ್ಕೆ ಆಗುವುದಿಲ್ಲ.

ಇವರಿಗೆ ನಿಜವಾಗಿ ಆಧಾರವಾದದ್ದು ಜುಲೈನಲ್ಲಿ ಕಳಿಸಿದ್ದ ಎರಡು ಸಾಲಿನ ಮೇಲ್. "ಪರಿಷ್ಕೃತ ಲೆಟರ್ ತಲುಪಿದೆ. ಜೂನ್‌ವರೆಗಿನ ಸಾಧನೆ ಹಳೆಯ ಟಾರ್ಗೆಟ್ ಪ್ರಕಾರವೇ ಇರುತ್ತದೆ ಅಂತ ತಿಳಿದುಕೊಂಡಿದ್ದೇನೆ, ಇಲ್ಲದಿದ್ದರೆ ತಿಳಿಸಿ." ಯಾರೂ ಉತ್ತರ ಕೊಟ್ಟಿರಲಿಲ್ಲ. ಸುಮ್ನೆ ಕೆಲಸ ಮುಂದುವರಿಸಿದ್ದರೆ, ಹೊಸ ಷರತ್ತನ್ನು ಒಪ್ಪಿದಂತೆಯೇ ಅಂತ ಕಂಪನಿ ವಾದಿಸುತ್ತಿತ್ತು. ಪೋರ್ಟಲ್‌ನಲ್ಲಿ ಒಪ್ಪಿಗೆಯ ಬಟನ್ ಒತ್ತದೆ ಮುಂದೆ ಹೋಗುವುದಕ್ಕೇ ಆಗದಿದ್ದರೆ, ಒತ್ತಿದ ದಿನವೇ ಇಂಥ ಮೇಲ್ ಕಳಿಸಿ.

ಕಾಗದಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಲಾಗಿನ್ ಕೊನೆಯ ದಿನವೇ ಬಂದ್ ಆಗುತ್ತದೆ. ನಿಮ್ಮ ಹೆಸರಿನ ಪ್ಲ್ಯಾನ್ ಲೆಟರ್‌ಗಳು, ತಿಂಗಳ ಇನ್ಸೆಂಟಿವ್ ಸ್ಟೇಟ್‌ಮೆಂಟ್, ಟಾರ್ಗೆಟ್ ಬಗ್ಗೆ ಬಂದ ಮೇಲ್, ಇವುಗಳ ಪ್ರತಿ ಕೊಡಿ ಅಂತ ನೋಟಿಸ್ ಪೀರಿಯಡ್‌ನಲ್ಲೇ ಎಚ್‌ಆರ್‌ಗೆ ಬರೆದು ಕೇಳಿ. ಗ್ರಾಹಕರ ಪಟ್ಟಿ, ಬೆಲೆಯ ಶೀಟ್ ಮಾತ್ರ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಸಾಕ್ಷಿಗೆ ಅಂತಲೇ ಹಾಗೆ ಮಾಡಿ, ಗುಟ್ಟಿನ ಮಾಹಿತಿ ಕದ್ದ ಆರೋಪ ಹೊತ್ತವರನ್ನು ನೋಡಿದ್ದೇನೆ. ಆಮೇಲೆ ಇನ್ಸೆಂಟಿವ್ ಮಾತೇ ಹಿಂದೆ ಬೀಳುತ್ತದೆ.

ಇನ್ನೊಂದು, ಕೊನೆಯ ಲೆಕ್ಕದ ಫಾರಂ. ಕಂಪನಿಯಿಂದ ಇನ್ನೇನೂ ಬರಬೇಕಾಗಿಲ್ಲ ಅನ್ನುವ ಸಾಲು ಅದರಲ್ಲಿ ಇದ್ದೇ ಇರುತ್ತದೆ. ರಿಲೀವಿಂಗ್ ಲೆಟರ್ ಬೇಕಲ್ಲ ಅಂತ ಜನ ಕಣ್ಣುಮುಚ್ಚಿ ಸಹಿ ಹಾಕುತ್ತಾರೆ. ಇವರು ಸಹಿಯ ಮೇಲೆ "ಜನವರಿಯಿಂದ ಸೆಪ್ಟೆಂಬರ್‌ವರೆಗಿನ ಇನ್ಸೆಂಟಿವ್ ಹೊರತುಪಡಿಸಿ" ಅಂತ ಕೈಯಲ್ಲಿ ಬರೆದು, ಫೋಟೊ ತೆಗೆದಿಟ್ಟಿದ್ದರು.

ನಾವು ಐದೂ ಲೆಕ್ಕಗಳನ್ನು ಒಂದೇ ಹಾಳೆಯಲ್ಲಿ ಬರೆದು, ಎರಡೂ ಲೆಟರ್, ಆ ಮೇಲ್, ಆ ಫೋಟೊ ಜೊತೆಗಿಟ್ಟು ಕಳಿಸಿದೆವು. 110% ನಾವು ಕೇಳಲಿಲ್ಲ. ಮುಂದಿನ ತಿಂಗಳುಗಳ ಟಾರ್ಗೆಟ್ ಬದಲಿಸುವ ಹಕ್ಕನ್ನು ಜನವರಿಯ ಲೆಟರ್ ಕಂಪನಿಗೆ ಕೊಟ್ಟಿತ್ತು. ಕೇಳಿದ್ದು 101.5%. ಎರಡು ಸುತ್ತಿನ ಮಾತಾದ ಮೇಲೆ ಅವರು ಒಂಬತ್ತು ತಿಂಗಳ ಪಾಲನ್ನು 100% ಸ್ಲ್ಯಾಬ್‌ನಲ್ಲಿ ಕೊಟ್ಟರು. ಮೇಲಿನ ಸ್ಲ್ಯಾಬ್‌ನ ಚೂರನ್ನು ಇವರು ಬಿಟ್ಟುಕೊಟ್ಟರು. ಎರಡು ಆರ್ಡರ್‌ಗಳಿಗೆ ಗ್ರಾಹಕರ ಹಣ ಇನ್ನೂ ಬಂದಿರಲಿಲ್ಲ. ಹಣ ಬಂದ ಮೇಲೆ ಕೊಡಬೇಕು ಅಂತ ಜನವರಿಯ ಲೆಟರ್‌ನಲ್ಲೇ ಇದ್ದದ್ದರಿಂದ ಅವುಗಳ ಪಾಲು ಡಿಸೆಂಬರ್‌ವರೆಗೆ ಕಾಯಬೇಕಾಯಿತು.